ಹಾಸಿಗೆಯಲ್ಲಿ ಕಳೆದುಹೋದ ಕೂಸು

ಮಗಳು ಹುಟ್ಟಿದ ಹನ್ನೊಂದನೆಯ ರಾತ್ರಿ ನಾನು ಅವಳನ್ನು ರಗ್ಗಿನ ಮಡಿಕೆಯೊಳಗೆ ಕಳೆದುಕೊಂಡೆ. ಒಂದೂಮುಕ್ಕಾಲಕ್ಕೆ ಹಾಲು ಕುಡಿಸಿ, ತೇಗು ಬರಿಸಿ, ತೊಟ್ಟಿಲಲ್ಲಿ ಮಲಗಿಸಿ ನಾನೂ ಮಲಗಿದ್ದೆ. ಆಮೇಲೆ ಯಾವಾಗಲೋ ಮಗು ನನ್ನ ಪಕ್ಕದಲ್ಲಿಯೇ ಇದ್ದು ಹೊದಿಕೆಯ ಅಡಿಗೆ ಜಾರಿಹೋಗಿದೆ, ಅದಕ್ಕೆ ಉಸಿರು ಸಿಗುತ್ತಿಲ್ಲ, ನಾನೇ ಅದರ ಮೇಲೆ ಹೊರಳಿರಬೇಕು ಎಂಬ ಭಾವನೆ ಎದೆಗೆ ಬಂದು ಬಡಿಯಿತು. ಎದ್ದು ಕುಳಿತು ರಗ್ಗನ್ನು ಕೊಡವಿದೆ, ದಿಂಬನ್ನು ಎತ್ತಿ ಎಸೆದೆ, ಹಾಸಿಗೆಗೂ ಗೋಡೆಗೂ ನಡುವಿನ ಸಂದಿಗೆ ಕೈ ತೂರಿಸಿ ತಡಕಿದೆ. ಸುತ್ತಿಟ್ಟಿದ್ದ ದುಪ್ಪಟಿಯೊಂದು ಕೈಗೆ ಸಿಕ್ಕಾಗ ಅದನ್ನೇ ಎದೆಗವಚಿಕೊಂಡು ಅದರ ಮುಖ ಎಲ್ಲಿದೆ ಎಂದು ಹುಡುಕತೊಡಗಿದೆ. ಕೋಣೆಯ ಇನ್ನೊಂದು ಬದಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದ ಅಮ್ಮ ಎದ್ದು ಬಂದು, ನನ್ನ ಕೈಯಿಂದ ಏನನ್ನೂ ಕಿತ್ತುಕೊಳ್ಳದೆ, "ಮಗು ತೊಟ್ಟಿಲಲ್ಲಿದೆ ಕಣವ್ವ, ನೋಡು, ಮಲಗಿದೆ" ಎಂದಷ್ಟೇ ಹೇಳಿದರು. ದೀಪದ ಬೆಳಕಿನಲ್ಲಿ ತೊಟ್ಟಿಲೊಳಗಿನ ಪುಟ್ಟ ಮುಷ್ಟಿ ಕಂಡ ಮೇಲೂ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗಡಿಯಾರ ಎರಡೂ ನಲವತ್ತನ್ನು ತೋರಿಸುತ್ತಿತ್ತು.

ಆ ಬಾಣಂತನದಲ್ಲಿ ಇದೇ ಕನಸು ನನಗೆ ಇನ್ನೂ ನಾಲ್ಕು ಸಲ ಬಿತ್ತು. ಮೊದಲ ಸಲದ ಮರುದಿನ ಬೆಳಿಗ್ಗೆ ನಾನು ಯಾರಿಗೂ ಏನೂ ಹೇಳಲಿಲ್ಲ, ಏಕೆಂದರೆ ಮಗುವಿಗೆ ಅಪಾಯ ಆಗುವ ಕನಸು ತಾಯಿಗೇ ಬೀಳುವುದು ಅಪಶಕುನ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಮಗುವನ್ನು ನಾನೇ ಉಸಿರುಗಟ್ಟಿಸಿದಂತೆ ಕನಸು ಕಂಡವಳು ಎಂಥ ತಾಯಿ ಎಂಬ ನಾಚಿಕೆ ಇತ್ತು. ಈಗ ಮಗಳಿಗೆ ಆರು ವರ್ಷ, ತಂಗಿ ಬಸುರಿ. ಕಳೆದ ತಿಂಗಳು ಅವಳು ದೂರವಾಣಿಯಲ್ಲಿ, "ಅಕ್ಕಾ, ನಿನಗೂ ಹೀಗೆಲ್ಲ ಕನಸು ಬೀಳುತ್ತಿತ್ತಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದಾಗ, ಅಂದು ನನಗೆ ಯಾರಾದರೂ ಹೇಳಿದ್ದರೆ ಒಳ್ಳೆಯದಿತ್ತು ಎನ್ನಿಸಿದ್ದನ್ನೆಲ್ಲ ಅವಳಿಗಾಗಿ ಬರೆದಿಡಬೇಕು ಎನ್ನಿಸಿತು.

ಬಸುರಿಯ ಕನಸುಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಸಂಗತಿಗಳಿವೆ. ತುಂಬಿದ ಕೆರೆ, ಹೊಳೆ, ಮನೆಯೊಳಕ್ಕೆ ನುಗ್ಗುವ ನೀರು. ಮೀನು, ಬೆಕ್ಕಿನ ಮರಿ, ಕರು, ಹಾವು. ಹುಟ್ಟಿದ ಕೂಡಲೇ ಮಾತಾಡುವ ಮಗು, ಅಂಗೈಯಷ್ಟೇ ಇರುವ ಮಗು, ಎಲ್ಲಿಯೋ ಇಟ್ಟು ಮರೆತ ಮಗು. ತೀರಿಕೊಂಡ ಹಿರಿಯರು ಬಂದು ಬಾಗಿಲಲ್ಲಿ ನಿಲ್ಲುವುದು. ನನಗೆ ಏಳನೆಯ ತಿಂಗಳಲ್ಲಿ ಬಿದ್ದ ಎರಡು ಕನಸುಗಳು ಇಂದಿಗೂ ನೆನಪಿವೆ. ಒಂದರಲ್ಲಿ ನಮ್ಮೂರ ಕೆರೆಯ ನೀರು ಹಜಾರದ ಹೊಸ್ತಿಲವರೆಗೆ ಬಂದು ಅಲುಗದೆ ನಿಂತಿತ್ತು. ಇನ್ನೊಂದರಲ್ಲಿ ಅಕ್ಕಿ ಅಳೆಯುವ ಸೇರಿನೊಳಗೆ ನಾಗರಹಾವೊಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ನಾನು ಅದರ ಮೇಲೆಯೇ ಅಕ್ಕಿ ಸುರಿಯುತ್ತಿದ್ದೆ.

ಈ ಕಾಲದಲ್ಲಿ ಕನಸು ಹೆಚ್ಚಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಿಜವಾಗಿ ಹೆಚ್ಚಾಗುವುದು ಎಚ್ಚರ. ದೊಡ್ಡವರ ನಿದ್ರೆ ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ; ಪ್ರತಿ ಸುತ್ತಿನ ಕೊನೆಯ ಭಾಗದಲ್ಲಿ, ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಂತದಲ್ಲಿ, ಅತ್ಯಂತ ಸ್ಪಷ್ಟವಾದ ಕನಸುಗಳು ಬೀಳುತ್ತವೆ. ಆ ಹಂತದಿಂದ ನೇರವಾಗಿ ಎಚ್ಚರಗೊಂಡವರಿಗೆ ಕನಸು ನೆನಪಿರುತ್ತದೆ, ಅದನ್ನು ದಾಟಿ ಗಾಢ ನಿದ್ರೆಗೆ ಮರಳಿದವರಿಗೆ ಅಳಿಸಿಹೋಗುತ್ತದೆ. ಬಸುರಿಯು ಮೂತ್ರಕ್ಕೆಂದೋ, ಸೊಂಟನೋವಿಗೆಂದೋ, ಎದೆಯುರಿಗೆಂದೋ, ಮಗು ಒದ್ದಿತೆಂದೋ ರಾತ್ರಿಯಲ್ಲಿ ನಾಲ್ಕೈದು ಸಲ ಏಳುವುದರಿಂದ, ಉಳಿದವರು ಬೆಳಗಾಗುವುದರೊಳಗೆ ಮರೆತುಬಿಡುವ ಕನಸುಗಳು ಅವಳ ಕೈಯಲ್ಲಿ ಉಳಿದುಬಿಡುತ್ತವೆ. ರಾತ್ರಿ ಕಳೆದಂತೆ ಈ ಕನಸಿನ ಹಂತ ಉದ್ದವಾಗುತ್ತ ಹೋಗಿ ಬೆಳಗಿನ ಜಾವದಲ್ಲಿ ಅತಿ ದೀರ್ಘವಾಗುತ್ತದೆ. ಮೊದಲ ಜಾವದ ಕನಸು ಫಲಿಸಲು ವರ್ಷ ಬೇಕು, ಬೆಳಗಿನ ಜಾವದ ಕನಸು ಕೆಲವೇ ದಿನಗಳಲ್ಲಿ ನಿಜವಾಗುತ್ತದೆ ಎಂಬ ನಮ್ಮ ಹಿರಿಯರ ಲೆಕ್ಕಾಚಾರದ ಬುಡದಲ್ಲಿ ಈ ಅನುಭವವೇ ಇದೆ ಎಂದು ನನಗೆ ತೋರುತ್ತದೆ. ಜಾವದ ಕನಸು ಉಳಿದವುಗಳಿಗಿಂತ ಗಟ್ಟಿ, ಉದ್ದ, ಕಣ್ಣಿಗೆ ಕಟ್ಟಿದಂತಿರುವುದು ಎಂಬುದನ್ನು ಅವರು ಸರಿಯಾಗಿಯೇ ಗಮನಿಸಿದ್ದರು. ಅಷ್ಟು ಸ್ಪಷ್ಟವಾಗಿರುವುದು ನಿಜವಾಗಿಯೇ ತೀರುತ್ತದೆ ಎಂದುಕೊಂಡಲ್ಲಿ ಮಾತ್ರ ತಪ್ಪಿದರು.

ಹಾವಿನ ಕನಸಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಬಸುರಿಯರನ್ನು ಅದರಷ್ಟು ಕಾಡುವ ಕನಸು ಬೇರೊಂದಿಲ್ಲ. ಸಂತಾನಕ್ಕೂ ನಾಗನಿಗೂ ಇರುವ ನಂಟು ಕರ್ನಾಟಕದಲ್ಲಿ ಬಹಳ ಹಳೆಯದು. ಮಕ್ಕಳಾಗದವರು ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ, ಕುಕ್ಕೆಗೋ ಘಾಟಿಗೋ ಹರಕೆ ಹೊರುತ್ತಾರೆ, ಆಶ್ಲೇಷಾ ಬಲಿ ಕೊಡಿಸುತ್ತಾರೆ. ಬಸುರಿಯನ್ನು ಕಂಡರೆ ನಾಗರಹಾವಿಗೆ ಕಣ್ಣು ಕಾಣದಾಗುತ್ತದೆ, ಅದು ಅಲ್ಲಿಯೇ ನಿಂತುಬಿಡುತ್ತದೆ ಎಂದೂ, ಹೆಂಡತಿ ಬಸುರಿಯಾಗಿರುವಾಗ ಗಂಡ ಹಾವನ್ನು ಹೊಡೆಯಬಾರದು ಎಂದೂ ನಮ್ಮಜ್ಜಿ ಹೇಳುತ್ತಿದ್ದರು. ಹೀಗಿರುವಾಗ ಬಸುರಿಯ ಕನಸಿನಲ್ಲಿ ನಾಗ ಬಂದರೆ ಅದಕ್ಕೆ ಎರಡು ವಿರುದ್ಧ ಅರ್ಥಗಳು ಸಿದ್ಧವಾಗಿಯೇ ಇರುತ್ತವೆ. ಸುಮ್ಮನೆ ಕಂಡುಹೋದರೆ ನಾಗಪ್ಪ ಹರಸಿದ್ದಾನೆ, ಅಟ್ಟಿಸಿಕೊಂಡು ಬಂದರೆ ಅಥವಾ ಕಚ್ಚಿದರೆ ದೋಷವಿದೆ, ಹರಕೆ ಬಾಕಿಯಿದೆ.

ನನ್ನ ಕನಸನ್ನು ನಾನು ಅತ್ತೆಯವರಿಗೆ ಹೇಳಿದೆ. ಅವರು ತಮಗೆ ಪರಿಚಯವಿದ್ದ ಜೋಯಿಸರೊಬ್ಬರನ್ನು ಕೇಳಿಸಿದರು. ಹಾವಿನ ಮೇಲೆ ಅಕ್ಕಿ ಸುರಿದದ್ದು ನಾಗನ ಉಸಿರುಗಟ್ಟಿಸಿದಂತೆ, ಹೆರಿಗೆಗೆ ಮೊದಲೇ ಶಾಂತಿಯಾಗಬೇಕು, ಇಲ್ಲದಿದ್ದರೆ ಮಗುವಿಗೆ ಉಸಿರಿನ ತೊಂದರೆ ಬರಬಹುದು ಎಂಬ ಉತ್ತರ ಬಂತು. ಅತ್ತೆಯವರ ಕಾಳಜಿಯಲ್ಲಿ ನನಗೆ ಆಗಲೂ ಈಗಲೂ ಅನುಮಾನವಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದ ದಿನದಿಂದ ಹೆರಿಗೆಯಾಗಿ ಮಗು ಅತ್ತ ಕ್ಷಣದವರೆಗೂ, ಒಂಬತ್ತು ವಾರಗಳ ಕಾಲ, ನಾನು ಒಂದು ರಾತ್ರಿಯೂ ನೆಮ್ಮದಿಯಿಂದ ಮಲಗಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಘಟ್ಟ ಇಳಿದು ಕುಕ್ಕೆಗೆ ಹೋಗುವುದು ಬೇಡ ಎಂದು ವೈದ್ಯರು ಹೇಳಿದ್ದರಿಂದ, ಮಾವನವರು ಊರಿನ ನಾಗರಕಲ್ಲಿಗೆ ಹಾಲೆರೆದು ಬಂದರು. ಅದರಿಂದ ಮನೆಯವರ ಮನಸ್ಸು ಹಗುರಾಯಿತು, ನನ್ನದು ಆಗಲಿಲ್ಲ. ಹನ್ನೊಂದನೆಯ ರಾತ್ರಿ ಮಗು ಉಸಿರುಗಟ್ಟಿದ ಕನಸು ಬಿದ್ದಾಗ, ಮೊದಲು ನೆನಪಾದದ್ದು ಆ ಜೋಯಿಸರ ಮಾತೇ.

ಕನಸನ್ನು ಹೇಗೆ ತೂಗಬೇಕು ಎಂಬುದರ ಬಗ್ಗೆ ನಮ್ಮ ಪರಂಪರೆಯಲ್ಲಿಯೇ ಇರುವ ಒಂದು ಮಾತನ್ನು ಆಗ ಯಾರಾದರೂ ನನಗೆ ತಿಳಿಸಿದ್ದರೆ ಆ ಒಂಬತ್ತು ವಾರಗಳು ಬೇರೆ ರೀತಿ ಕಳೆಯುತ್ತಿದ್ದವು. ಚರಕಸಂಹಿತೆಯ ಇಂದ್ರಿಯಸ್ಥಾನದ ಐದನೆಯ ಅಧ್ಯಾಯವು ಕನಸುಗಳಲ್ಲಿ ಏಳು ಬಗೆ ಎನ್ನುತ್ತದೆ: ಕಂಡದ್ದರಿಂದ ಹುಟ್ಟಿದ್ದು, ಕೇಳಿದ್ದರಿಂದ ಹುಟ್ಟಿದ್ದು, ಅನುಭವಿಸಿದ್ದರಿಂದ ಹುಟ್ಟಿದ್ದು, ಬಯಸಿದ್ದರಿಂದ ಹುಟ್ಟಿದ್ದು, ಕಲ್ಪಿಸಿಕೊಂಡದ್ದರಿಂದ ಹುಟ್ಟಿದ್ದು, ಮುಂದಾಗುವುದನ್ನು ಸೂಚಿಸುವುದು, ಮತ್ತು ದೇಹದ ದೋಷಗಳ ಏರುಪೇರಿನಿಂದ ಹುಟ್ಟಿದ್ದು. ಇವುಗಳಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲವೆಂದು ಅದೇ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಹಗಲಿನ ನಿದ್ರೆಯಲ್ಲಿ ಬಿದ್ದ ಕನಸನ್ನೂ, ತೀರ ಗಿಡ್ಡ ಅಥವಾ ತೀರ ಉದ್ದದ ಕನಸನ್ನೂ ಅದೇ ಗುಂಪಿಗೆ ಸೇರಿಸುತ್ತದೆ. ಕೆಟ್ಟ ಕನಸು ಕಂಡವರು ಅದರ ಬೆನ್ನಿಗೇ ಮತ್ತೆ ಸೌಮ್ಯವಾದ ಕನಸು ಕಂಡರೆ ಫಲ ಒಳ್ಳೆಯದೆಂದೇ ತಿಳಿಯಬೇಕು ಎಂದೂ ಅಲ್ಲಿದೆ. ಮುಂದಾಗುವುದನ್ನು ಸೂಚಿಸುವ ಕನಸು ಎಂಬ ಬಗೆಯನ್ನು ನಾನು ನಂಬುವುದಿಲ್ಲ. ಆದರೆ ಅದನ್ನು ನಂಬುವವರು ಕೂಡ ಮೊದಲು ಉಳಿದ ಐದು ಜರಡಿಗಳಲ್ಲಿ ಕನಸನ್ನು ಸೋಸಬೇಕಲ್ಲವೇ? ಸೋಸಿದರೆ ಕೊನೆಗೆ ಉಳಿಯುವುದು ಎಷ್ಟು?

ನನ್ನ ಎರಡು ಕನಸುಗಳನ್ನೂ ಬಹಳ ತಡವಾಗಿ ನಾನು ಹಾಗೆ ಸೋಸಿ ನೋಡಿದೆ. ಆ ವಾರ ಊರಲ್ಲಿ ಸತತವಾಗಿ ಮಳೆ ಹಿಡಿದಿತ್ತು. ಕೆರೆ ಕೋಡಿ ಬಿದ್ದಿದೆ ಎಂದು ಅಪ್ಪ ದೂರವಾಣಿಯಲ್ಲಿ ಹೇಳಿದ್ದರು. ಹಾಗಾಗಿ ಹೊಸ್ತಿಲಿಗೆ ಬಂದ ನೀರು ಕೇಳಿದ್ದರಿಂದ ಹುಟ್ಟಿದ ಕನಸು. ಅದಕ್ಕೆ ನನ್ನ ಒಳಗೇ ತುಂಬಿಕೊಂಡಿದ್ದ ನೀರಿನ ಭಾರವೂ ಸೇರಿರಬಹುದು. ಹಾವಿನ ಕನಸಿಗೆ ಹಿಂದಿನ ದಿನದ ಸೀಮಂತದ ಮಾತುಕತೆಯಿತ್ತು. ಮಡಿಲು ತುಂಬಲು ಎಷ್ಟು ಸೇರು ಅಕ್ಕಿ ಬೇಕು ಎಂದು ಅತ್ತೆಯವರೂ ಅಮ್ಮನೂ ಲೆಕ್ಕ ಹಾಕುತ್ತಿದ್ದಾಗ ನಾನು ಪಕ್ಕದಲ್ಲಿಯೇ ಕುಳಿತಿದ್ದೆ. ಕುಕ್ಕೆಯ ಹರಕೆಯ ವಿಷಯವೂ ಆ ಮಾತಿನ ನಡುವೆ ಬಂದುಹೋಗಿತ್ತು. ಸೇರು, ಅಕ್ಕಿ, ನಾಗ, ಮೂರೂ ಆ ಸಂಜೆಯವೇ. ಅವುಗಳ ಮೇಲೆ ಮಡಿಲು ತುಂಬಿ ಸುರಿಯುವ ಕೈ ನನ್ನದು.

ಆ ಜೋಯಿಸರು ಹೇಳಿದ್ದು ಪರಂಪರೆಯ ಏಕೈಕ ಓದು ಎಂದು ಅಂದು ನಾನು ನಂಬಿದ್ದೆ. ಹಾಗಲ್ಲ ಎಂಬುದಕ್ಕೆ ನಮ್ಮ ನೆಲದ್ದೇ ಒಂದು ದೊಡ್ಡ ಉದಾಹರಣೆಯಿದೆ. ಜೈನರಲ್ಲಿ ತೀರ್ಥಂಕರನ ತಾಯಿ ಗರ್ಭ ಧರಿಸುವ ರಾತ್ರಿ ಶುಭಸ್ವಪ್ನಗಳನ್ನು ಕಾಣುತ್ತಾಳೆ. ಕರ್ನಾಟಕದಲ್ಲಿ ಹೆಚ್ಚಾಗಿರುವ ದಿಗಂಬರ ಸಂಪ್ರದಾಯದಲ್ಲಿ ಅವು ಹದಿನಾರು, ಶ್ವೇತಾಂಬರರಲ್ಲಿ ಹದಿನಾಲ್ಕು. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಗರ್ಭಕಲ್ಯಾಣದ ದಿನ ಈ ಸ್ವಪ್ನಗಳನ್ನು ಪ್ರದರ್ಶಿಸುತ್ತಾರೆ. ಆನೆ, ವೃಷಭ, ಸಿಂಹಗಳಿಂದ ತೊಡಗುವ ಆ ಸಾಲಿನಲ್ಲಿ ಆನೆಗಳು ಲಕ್ಷ್ಮಿಗೆ ನೀರೆರೆಯುವುದು, ಜೋಡಿ ಮೀನು, ತುಂಬಿದ ಜೋಡಿ ಕಲಶ, ತಾವರೆಗೊಳ, ಸಮುದ್ರ ಎಲ್ಲವೂ ಇವೆ. ಹದಿನಾರರಲ್ಲಿ ಐದು ನೀರಿನವೇ ಎಂಬುದನ್ನು ಎಣಿಸಿದಾಗ ನನಗೆ ಮೈ ಜುಮ್ಮೆಂದಿತು. ನಾಗೇಂದ್ರಭವನವೂ ಅವುಗಳಲ್ಲೊಂದು. ಆದಿನಾಥನ ತಾಯಿ ಮರುದೇವಿ ಬೆಳಿಗ್ಗೆ ಎದ್ದು ಪತಿ ನಾಭಿರಾಜನ ಬಳಿ ತನ್ನ ಕನಸುಗಳನ್ನು ಹೇಳಿಕೊಂಡಾಗ, ನಾಗಭವನ ಕಂಡದ್ದರಿಂದ ಅವಧಿಜ್ಞಾನವುಳ್ಳ, ಎಂದರೆ ಇಂದ್ರಿಯಗಳಿಗೆ ಎಟುಕದ್ದನ್ನೂ ಅರಿಯಬಲ್ಲ ಮಗ ಹುಟ್ಟುತ್ತಾನೆ, ಮೀನಿನ ಜೋಡಿ ಕಂಡದ್ದರಿಂದ ಸುಖಿಯಾಗುತ್ತಾನೆ ಎಂದು ಅವನು ಒಂದೊಂದಕ್ಕೂ ಶುಭವನ್ನೇ ಹೇಳುತ್ತಾನೆ. ಹೊಗೆಯಿಲ್ಲದ ಬೆಂಕಿಯಂಥ ಹೆದರಿಸಬಹುದಾದ ಕನಸಿಗೂ ಕರ್ಮವನ್ನು ಸುಡುವವನು ಎಂಬ ಅರ್ಥವೇ ಸಿಗುತ್ತದೆ. ಬಸುರಿಯ ಕನಸನ್ನು ಕೇಳುವವರು ಹೇಗೆ ಕೇಳಬೇಕು ಎಂಬ ಒಂದು ನಡವಳಿಕೆಯನ್ನು ಆ ಕಥೆ ಕಟ್ಟಿಕೊಡುತ್ತದೆ ಎಂದು ನಾನು ಓದುತ್ತೇನೆ. ನಾಗನನ್ನೇ ಕಂಡ ಇಬ್ಬರಲ್ಲಿ ಒಬ್ಬಳಿಗೆ ಮಗನ ಜ್ಞಾನದ ಮಾತು ಸಿಕ್ಕಿತು, ಇನ್ನೊಬ್ಬಳಿಗೆ ಮಗುವಿನ ಉಸಿರಿನ ಭಯ ಸಿಕ್ಕಿತು.

ಕನಸಿನಿಂದ ಗಂಡೋ ಹೆಣ್ಣೋ ಎಂದು ಹೇಳುವ ನಂಬಿಕೆಗೂ ಗ್ರಂಥದ ಆಧಾರವಿದೆ ಎಂಬುದು ನಿಜ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಪುಲ್ಲಿಂಗದ ಹೆಸರುಳ್ಳ ವಸ್ತುಗಳನ್ನು ಬಯಸುವ, ಕನಸಿನಲ್ಲಿ ಪದ್ಮ, ಉತ್ಪಲ, ಕುಮುದ, ಆಮ್ರಾತಕಗಳನ್ನು ಕಾಣುವ ಗರ್ಭಿಣಿ ಗಂಡು ಹೆರುತ್ತಾಳೆ ಎಂದಿದೆ. ಆಮ್ರಾತಕವೆಂದರೆ ನಾವು ಉಪ್ಪಿನಕಾಯಿ ಹಾಕುವ ಅಂಬಟೆ. ಸಂಸ್ಕೃತದಲ್ಲಿ ಆ ಪದಗಳನ್ನು ಪುಲ್ಲಿಂಗವೆಂದು ಎಣಿಸಿದ್ದರಿಂದ ಈ ಸೂಚನೆ ಹುಟ್ಟಿದೆ. ಕನ್ನಡದಲ್ಲಿ ತಾವರೆಯೂ ಅಂಬಟೆಯೂ ನಪುಂಸಕಲಿಂಗವಾಗಿರುವಾಗ, ಕನ್ನಡದಲ್ಲಿ ಕನಸು ಕಾಣುವವಳಿಗೆ ಈ ಸೂತ್ರ ಹೇಗೆ ಅನ್ವಯಿಸೀತು? ನಮ್ಮ ಮನೆಯಲ್ಲಿ ಇದು ಹೂವು ಕಂಡರೆ ಹೆಣ್ಣು, ಹಣ್ಣು ಕಂಡರೆ ಗಂಡು ಎಂಬ ರೂಪ ತಾಳಿತ್ತು. ಎರಡರಲ್ಲಿ ಒಂದು ಹೇಗೂ ನಿಜವಾಗಲೇಬೇಕಾದಲ್ಲಿ, ಫಲಿಸಿದ ಕನಸು ಮನೆಯವರ ನೆನಪಿನಲ್ಲಿ ಉಳಿಯುತ್ತದೆ, ಫಲಿಸದ್ದು ಮರೆತುಹೋಗುತ್ತದೆ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆಯಿಂದ ನಿಷೇಧಿಸಬೇಕಾಗಿ ಬಂದ ದೇಶದಲ್ಲಿ ಈ ಊಹೆಯನ್ನು ಕೇವಲ ವಿನೋದವೆಂದು ನಾನು ನೋಡಲಾರೆ. ಹೂವಿನ ಕನಸು ಕಂಡಳೆಂದು ಮುಖ ಸಣ್ಣದು ಮಾಡಿಕೊಂಡ ಬಂಧುಗಳನ್ನು ನಾನು ಕಂಡಿದ್ದೇನೆ.

ಗರ್ಭಪಾತದ ಕನಸು, ರಕ್ತದ ಕನಸು, ಸತ್ತ ಮಗುವಿನ ಕನಸು ಬಿದ್ದವರಿಗೆ ಹೇಳಬೇಕಾದದ್ದು ಸ್ವಲ್ಪವೇ. ಅಂಥ ಕನಸು ಮುಂದಾಗುವುದನ್ನು ಹೇಳುವುದಿಲ್ಲ. ಹಿಂದೆ ಒಮ್ಮೆ ಮಗುವನ್ನು ಕಳೆದುಕೊಂಡವರಿಗೆ ಅದು ಕಳೆದದ್ದನ್ನೇ ಮತ್ತೆ ತೋರಿಸುತ್ತಿರುತ್ತದೆ. ಎಚ್ಚರವಾದ ಮೇಲೆ ನೋಡಬೇಕಾದದ್ದು ದೇಹವನ್ನು. ರಕ್ತಸ್ರಾವ, ನೀರು ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಏಳು ತಿಂಗಳ ನಂತರ ಮಗುವಿನ ಒದೆತ ಎಂದಿಗಿಂತ ಕಡಿಮೆಯಾದಂತೆನಿಸುವುದು, ಇವುಗಳಲ್ಲಿ ಯಾವುದೊಂದಿದ್ದರೂ ಕನಸು ಬಿದ್ದಿರಲಿ ಬಿಡಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒದೆತದ ಬಗ್ಗೆ ಅನುಮಾನವಾದರೆ ಎಡಮಗ್ಗುಲಾಗಿ ಮಲಗಿ ಎಣಿಸಲು ನನಗೆ ವೈದ್ಯರು ಹೇಳಿಕೊಟ್ಟಿದ್ದರು. ಎರಡು ಗಂಟೆಗಳಲ್ಲಿ ಹತ್ತು ಚಲನೆ ಸಿಗದಿದ್ದರೆ ಬೆಳಗಾಗುವವರೆಗೆ ಕಾಯಬಾರದು.

ಈಗ ಹನ್ನೊಂದನೆಯ ರಾತ್ರಿಯ ಕನಸಿಗೆ ಮರಳುತ್ತೇನೆ. ಅದಕ್ಕೆ ನನ್ನ ಜೀವನದಲ್ಲಿ ವಿಶೇಷ ಅರ್ಥವಿದೆ ಎಂದುಕೊಂಡಿದ್ದವಳಿಗೆ, ಅದು ಜಗತ್ತಿನ ಬಾಣಂತಿಯರೆಲ್ಲರ ಕನಸು ಎಂದು ತಿಳಿದದ್ದೇ ದೊಡ್ಡ ಬಿಡುಗಡೆಯಾಗಿತ್ತು. ಕೆನಡಾದ ಮಾಂಟ್ರಿಯಲ್‌ನ ನಿದ್ರಾ ಸಂಶೋಧಕರಾದ ಟೋರ್ ನೀಲ್ಸನ್ ಮತ್ತು ಟೈನಾ ಪಕೆಟ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 273 ಮಹಿಳೆಯರ ಕನಸುಗಳನ್ನು ಪರಿಶೀಲಿಸಿತ್ತು. ಮಗು ಅಪಾಯದಲ್ಲಿರುವ ಕನಸು ಬಸುರಿಯರಲ್ಲಿ ನೂರಕ್ಕೆ 42 ಮಂದಿಗೆ ಬಿದ್ದಿದ್ದರೆ, ಬಾಣಂತಿಯರಲ್ಲಿ 73 ಮಂದಿಗೆ ಬಿದ್ದಿತ್ತು. ಕನಸಿನ ನಡುವೆ ದೇಹವೇ ಎದ್ದು ಕೆಲಸ ಮಾಡುವುದು, ಎಂದರೆ ಕೈ ಚಾಚುವುದು, ತಡಕುವುದು, ಹೊದಿಕೆ ಹುಡುಕುವುದು, ಬಸುರಿಯರಲ್ಲಿ 24 ಮಂದಿಯಲ್ಲಿ ಕಂಡರೆ ಬಾಣಂತಿಯರಲ್ಲಿ 57 ಮಂದಿಯಲ್ಲಿ ಕಂಡಿತ್ತು. ಮಗು ಹಾಸಿಗೆಯಲ್ಲಿ ಕಳೆದುಹೋಗಿದೆ ಎಂದು ಹೊದಿಕೆ ತಡಕುವ ಕನಸು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಆ ಸಂಶೋಧಕರು ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾರೆ. ಮಗು ಬೇರೆ ತೊಟ್ಟಿಲಲ್ಲಿ ಸುಖವಾಗಿ ಮಲಗಿದ್ದರೂ ಅದು ಬೀಳುತ್ತದೆ. ಗಂಡಸರಿಗೂ ಬೀಳಬಹುದು, ನಮ್ಮ ಯಜಮಾನರು ಮಗಳನ್ನು ನೋಡಲು ಬಂದ ಒಂದು ರಾತ್ರಿ ತಮ್ಮ ದಿಂಬನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಎದ್ದು ಕುಳಿತಿದ್ದರು.

ಹೀಗಾಗುವುದೇಕೆ ಎಂಬುದನ್ನು ಆ ರಾತ್ರಿಯ ಗಡಿಯಾರದಿಂದಲೇ ಅರ್ಥ ಮಾಡಿಕೊಳ್ಳಬಹುದು. ಒಂದೂಮುಕ್ಕಾಲರಿಂದ ಎರಡೂ ನಲವತ್ತಕ್ಕೆ ಐವತ್ತೈದು ನಿಮಿಷ. ಹಸುಗೂಸಿನ ನಿದ್ರೆಯ ಒಂದು ಸುತ್ತು ಒಂದು ಗಂಟೆಗೂ ಸ್ವಲ್ಪ ಕಡಿಮೆ, ತಾಯಿಯದು ಒಂದೂವರೆ ಗಂಟೆ. ಮಗು ತನ್ನ ಸುತ್ತು ಮುಗಿಸಿ ಸಣ್ಣಗೆ ಕುಂಯ್ ಎಂದು ಮಿಸುಕಾಡುವ ಹೊತ್ತಿಗೆ ತಾಯಿ ತನ್ನ ಸುತ್ತಿನ ಮಧ್ಯದಲ್ಲಿರುತ್ತಾಳೆ. ಹತ್ತು ದಿನಗಳಿಂದ ಎರಡೆರಡು ಮೂರುಮೂರು ಗಂಟೆಗೊಮ್ಮೆ ಎಚ್ಚರಗೊಂಡ ಮೆದುಳು ತನಗೆ ಸಿಗದೆ ಉಳಿದ ಕನಸಿನ ನಿದ್ರೆಯನ್ನು ಸಿಕ್ಕಾಗಲೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುತ್ತದೆ, ಆದುದರಿಂದ ಕನಸು ಬೇಗ ಬರುತ್ತದೆ, ತೀವ್ರವಾಗಿಯೂ ಬರುತ್ತದೆ. ಅದೇ ಹೊತ್ತಿಗೆ ಮಗುವಿನ ಸಣ್ಣ ಸದ್ದಿಗೂ ಏಳಬೇಕು ಎಂಬ ಎಚ್ಚರಿಕೆ ತಾಯಿಯಲ್ಲಿ ನಿದ್ರೆಯೊಳಗೂ ಉರಿಯುತ್ತಿರುತ್ತದೆ. ಕನಸಿನ ಹಂತದಲ್ಲಿ ಸಾಮಾನ್ಯವಾಗಿ ಕೈಕಾಲುಗಳು ಸಡಿಲವಾಗಿ ಕದಲದಂತಿರುತ್ತವೆ. ಇಷ್ಟು ಬಳಲಿದ, ಇಷ್ಟು ಕಟ್ಟೆಚ್ಚರದ ಸ್ಥಿತಿಯಲ್ಲಿ ಆ ತಡೆ ಸಡಿಲಗೊಂಡು ಅರೆನಿದ್ರೆ ಅರೆಎಚ್ಚರದಲ್ಲಿ ಕೈಗಳು ಹುಡುಕತೊಡಗುತ್ತವೆ. ನಾನು ಎಂಥ ತಾಯಿ ಎಂದು ನಾಚಿದ್ದೆನಲ್ಲ, ಮಗುವನ್ನು ಕಾಯುವ ಕೆಲಸವನ್ನು ನಿದ್ರೆಯಲ್ಲಿಯೂ ಬಿಡಲಾರದ ದೇಹವೊಂದು ತಪ್ಪಾದ ಜಾಗದಲ್ಲಿ ಹುಡುಕುತ್ತಿತ್ತು, ಅಷ್ಟೆ.

ಇಲ್ಲಿ ನನಗೆ ಬಾಣಂತಿ ಕೋಣೆಯ ಕಟ್ಟಳೆಗಳ ಬಗ್ಗೆ ಹೊಸ ಗೌರವ ಮೂಡಿತು. ಕನಸಿನ ಅರ್ಥ ಹೇಳುವ ನಂಬಿಕೆಗಳು ನನ್ನನ್ನು ಹೆದರಿಸಿದ್ದವು, ಆದರೆ ಕನಸು ಬಿದ್ದಾಗ ಹೇಗಿರಬೇಕು ಎಂಬ ಕಟ್ಟಳೆಗಳು ನನ್ನನ್ನು ಕಾಪಾಡಿದವು. ಬಾಣಂತಿಯನ್ನು ರಾತ್ರಿ ಒಬ್ಬಳೇ ಬಿಡಬಾರದು ಎಂಬ ಕಟ್ಟಳೆಯಿಂದಾಗಿ ಅಮ್ಮ ಆ ಕೋಣೆಯಲ್ಲಿ ಮಲಗಿದ್ದರು. ಬಾಣಂತಿ ಕೋಣೆಯ ದೀಪ ಆರಬಾರದು ಎಂಬ ಕಟ್ಟಳೆಯಿಂದಾಗಿ ನಾನು ತೊಟ್ಟಿಲನ್ನು ಕಣ್ಣಾರೆ ನೋಡಿ ಅರೆನಿದ್ರೆಯಿಂದ ಹೊರಬರಲು ಸಾಧ್ಯವಾಯಿತು. ಎಣ್ಣೆದೀಪದ ಬದಲು ಸಣ್ಣ ವಿದ್ಯುದ್ದೀಪವಿದ್ದರೆ ಹೊಗೆಯೂ ಇಲ್ಲ, ಬೆಂಕಿಯ ಭಯವೂ ಇಲ್ಲ. ಕೆಟ್ಟ ಕನಸನ್ನು ಊರಿಗೆಲ್ಲ ಸಾರದೆ ಬೆಳಿಗ್ಗೆ ಎದ್ದ ಕೂಡಲೇ ಹರಿಯುವ ನೀರಿಗೆ ಹೇಳಿಬಿಡಬೇಕು ಎಂದು ಅಜ್ಜಿ ಹೇಳುತ್ತಿದ್ದರು. ಬಚ್ಚಲಿನ ನಲ್ಲಿಯನ್ನು ತಿರುಗಿಸಿಕೊಂಡು ನಾನು ಅದನ್ನೇ ಮಾಡಿದೆ. ಒಮ್ಮೆ ಬಾಯಿಬಿಟ್ಟು ಹೇಳಿದ ಮೇಲೆ ಅದರ ಬಿಗಿ ಸಡಿಲಾಯಿತು, ಅದಕ್ಕೆ ಇನ್ನೊಂದು ಭಯಂಕರ ಅರ್ಥ ಕಟ್ಟಲು ಯಾರೂ ಇರಲಿಲ್ಲ. "ರಾಮಂ ಸ್ಕಂದಂ ಹನೂಮಂತಂ ವೈನತೇಯಂ ವೃಕೋದರಂ" ಎಂದು ಮಲಗುವ ಮುನ್ನ ಹೇಳುವ ದುಃಸ್ವಪ್ನನಾಶನ ಶ್ಲೋಕವೂ ಒಂದೇ ಲಯದಲ್ಲಿ ಉಸಿರನ್ನು ನಿಧಾನಗೊಳಿಸುತ್ತದೆ. ಹನುಮಂತನಲ್ಲಿ ನಂಬಿಕೆಯಿರುವವರಿಗೆ ಅದರಿಂದ ಸಿಗುವ ಧೈರ್ಯವನ್ನು ನಾನು ಕಡಿಮೆ ಎಂದು ಎಣಿಸುವುದಿಲ್ಲ.

ಒಂದು ಕಟ್ಟಳೆಯನ್ನು ಮಾತ್ರ ಬದಲಿಸಲೇಬೇಕು. ಕೆಟ್ಟ ಕನಸು, ಗಾಳಿ, ದೃಷ್ಟಿ ಸೋಕದಿರಲೆಂದು ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುತ್ತಾರೆ. ನನ್ನ ದಿಂಬಿನ ಕೆಳಗೆ ಅಜ್ಜಿಯ ಕಾಲದ ಕುಡುಗೋಲಿತ್ತು. ಆ ರಾತ್ರಿ ನಾನು ಎತ್ತಿ ಎಸೆದದ್ದು ಅದೇ ದಿಂಬು. ಎಚ್ಚರವಾದ ಮೇಲೆ ಹಾಸಿಗೆಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದ ಅದನ್ನು ಕಂಡು ಅಮ್ಮ ಮಾತಿಲ್ಲದೆ ತೆಗೆದು ದೂರ ಇಟ್ಟರು. ಅರೆನಿದ್ರೆಯಲ್ಲಿ ಹಾಸಿಗೆ ತಡಕುವವಳ ಕೈಗೆ ಹರಿತವಾದದ್ದು ಸಿಗಬಾರದು. ಮಗು ಮಲಗುವ ಜಾಗ ತಾಯಿಯ ಹಾಸಿಗೆಗೆ ತಾಗಿದಂತೆ, ಆದರೆ ಬೇರೆಯಾಗಿ, ಗಟ್ಟಿಯಾಗಿ, ದಿಂಬು ರಗ್ಗುಗಳಿಲ್ಲದೆ, ಪ್ರತಿ ರಾತ್ರಿಯೂ ಒಂದೇ ಕಡೆ ಇರಬೇಕು. ಆಗ ಅರೆನಿದ್ರೆಯಲ್ಲಿಯೂ ಕೈ ಆ ಕಡೆಗೇ ಹೋಗುವುದನ್ನು ಕಲಿಯುತ್ತದೆ. ಜೊತೆಯಲ್ಲಿ ಮಲಗಿದವರು ಎಳೆದಾಡಬಾರದು, ಗದರಬಾರದು, ನಗಬಾರದು. ಅಮ್ಮ ಹೇಳಿದಂತೆ ಮಗು ಎಲ್ಲಿದೆ ಎಂಬ ಒಂದು ವಾಕ್ಯ ಸಾಕು.

ನನ್ನ ಕನಸು ಆರನೆಯ ವಾರದ ನಂತರ ಮತ್ತೆ ಬರಲಿಲ್ಲ. ಎಲ್ಲರಿಗೂ ಹಾಗೆಯೇ ಆಗಲಿಕ್ಕಿಲ್ಲ, ಕೆಲವರಲ್ಲಿ ಕನಸು ಬೇರೊಂದರ ಲಕ್ಷಣವೂ ಆಗಿರುತ್ತದೆ. ಮಗು ಮಲಗಿದ್ದರೂ, ಬೇರೆಯವರು ನೋಡಿಕೊಳ್ಳುತ್ತಿದ್ದರೂ ತಾನು ಮಲಗಲಾರದವಳು, ಹಗಲಿನಲ್ಲಿಯೂ ಮಗುವಿಗೆ ಕೇಡಾಗುವ ಚಿತ್ರಗಳನ್ನು ತಡೆಯಲಾರದವಳು, ಎರಡು ವಾರ ಕಳೆದರೂ ಅಳು ಮತ್ತು ಜಡತನದಿಂದ ಮೇಲೇಳದವಳು ವೈದ್ಯರನ್ನು ಕಾಣಬೇಕು. ಕನಸು ಹಗಲಿಗೂ ದಾಟಿಬಂದು, ಮಗು ಬದಲಾಗಿದೆ, ಯಾರೋ ಏನೋ ಹೇಳುತ್ತಿದ್ದಾರೆ, ಮಗುವಿನಲ್ಲಿ ಕೆಟ್ಟದ್ದು ಸೇರಿಕೊಂಡಿದೆ ಎಂದು ಎಚ್ಚರದಲ್ಲಿಯೇ ನಂಬತೊಡಗಿದರೆ ಅದು ತುರ್ತು ಸ್ಥಿತಿ. ಹಿಂದಿನವರು ಬಾಣಂತಿ ಸನ್ನಿ ಎಂದು ಕರೆದು ಹೆದರುತ್ತಿದ್ದ ಕಾಯಿಲೆಗಳಲ್ಲಿ ಇದೂ ಸೇರಿತ್ತು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವ ಇದು ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿಯೇ ತೊಡಗುತ್ತದೆ, ಚಿಕಿತ್ಸೆಯಿಂದ ಗುಣವಾಗುತ್ತದೆ. ಅಂಥವರನ್ನು ಮಗುವಿನೊಡನೆ ಒಬ್ಬರೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವಿದೆ. ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಮಗುವಿನ ಕನಸಿನ ಬಗ್ಗೆಯೂ ಒಂದು ಮಾತು. ಹಸುಗೂಸು ನಿದ್ರೆಯಲ್ಲಿ ನಕ್ಕರೆ ದೇವರು ಹೂವು ತೋರಿಸಿದ, ಬಿಕ್ಕಿದರೆ ಕಿತ್ತುಕೊಂಡ ಎಂದು ಅಜ್ಜಿ ಹೇಳುತ್ತಿದ್ದರು. ಉತ್ತರ ಕರ್ನಾಟಕದ ನನ್ನ ಗೆಳತಿಯ ಮನೆಯಲ್ಲಿ ನಗಿಸಿ ಅಳಿಸುವವಳು ಹಣೆಬರಹ ಬರೆಯುವ ಸಟವಿ ತಾಯಿ. ಹಸುಗೂಸಿನ ನಿದ್ರೆಯಲ್ಲಿ ಸುಮಾರು ಅರ್ಧ ಭಾಗ ಮುಖ, ಕೈ, ಕಣ್ಣುಗಳು ಮಿಸುಕಾಡುವ ಚುರುಕು ನಿದ್ರೆಯೇ ಆಗಿರುತ್ತದೆ. ಆ ನಗು ಅಳುಗಳು ಆಗಲೇ ಬರುತ್ತವೆ. ನಮ್ಮ ಮುಖ ನೋಡಿ ನಗುವ ನಗು ಬರಲು ಆರು ವಾರ ಹಿಡಿಯುತ್ತದೆ. ಇದನ್ನು ತಿಳಿದುಕೊಂಡದ್ದರಿಂದ ನನಗೊಂದು ಪ್ರಯೋಜನವಾಯಿತು. ಮಗಳು ನಿದ್ರೆಯಲ್ಲಿ ಕುಂಯ್ ಎಂದ ಕೂಡಲೇ ಎತ್ತಿಕೊಳ್ಳುವುದನ್ನು ಬಿಟ್ಟು ಒಂದು ನಿಮಿಷ ಕಾದೆ. ಹೆಚ್ಚಿನ ಸಲ ಅವಳು ಹಾಗೆಯೇ ಮತ್ತೆ ಮಲಗಿದಳು, ನಾನೂ ಮಲಗಿದೆ.

ತಂಗಿಗೆ ಬರುವ ತಿಂಗಳು ದಿನ ತುಂಬುತ್ತದೆ. ಮೊನ್ನೆ ಅವಳು ಬೆಕ್ಕಿನ ಮರಿ ಹೆತ್ತಂತೆ ಕನಸು ಕಂಡು ಅಳುತ್ತ ಕರೆ ಮಾಡಿದ್ದಳು. ಮರಿಯ ಬಣ್ಣ ಯಾವುದು, ಅದಕ್ಕೆ ಏನು ಹೆಸರಿಟ್ಟೆ ಎಂದು ಕೇಳಿದೆ. ಹೇಳುತ್ತ ಹೇಳುತ್ತ ನಕ್ಕಳು. ಪಕ್ಕದ ಮನೆಯ ಬೆಕ್ಕು ಆ ವಾರವೇ ಮರಿ ಹಾಕಿತ್ತಂತೆ. ತವರಿನ ಹಿಂದಿನ ಕೋಣೆಯನ್ನು ಅವಳಿಗಾಗಿ ಸಿದ್ಧ ಮಾಡುತ್ತಿದ್ದೇವೆ. ಸಣ್ಣ ದೀಪವನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದ್ದೇವೆ, ತೊಟ್ಟಿಲನ್ನು ಮಂಚದ ಬಲಕ್ಕೆ ಇಟ್ಟಿದ್ದೇವೆ, ಅಮ್ಮನ ಚಾಪೆ ಎಡಕ್ಕೆ. ದಿಂಬಿನ ಕೆಳಗೆ ಒಂದು ಹಿಡಿ ಬೇವಿನ ಸೊಪ್ಪು ಇಡುವುದೆಂದು ಮಾತಾಗಿದೆ. ಕುಡುಗೋಲನ್ನು ಅಮ್ಮ ಬಾಗಿಲ ಹೊರಗಿನ ಗೋಡೆಗೆ, ಯಾರ ಕೈಗೂ ಎಟುಕದ ಎತ್ತರದಲ್ಲಿ ಮೊಳೆ ಹೊಡೆಸಿ, ತಾವೇ ಸ್ಟೂಲು ಹತ್ತಿ ನೇತುಹಾಕಿದ್ದಾರೆ.